ಒಂದೇ ಕ್ಯಾಂಡಲ್: ಬಾಡಿ ಮತ್ತು ವಿಕ್ ಓದುವುದು ಹೇಗೆ?

ಕ್ರಿಪ್ಟೊ ಚಾರ್ಟ್ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಕೆಂಪು, ಹಸಿರು ಕ್ಯಾಂಡಲ್‌ಗಳ ಉದ್ದ ಸಾಲು. ಎಲ್ಲವನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಲು ಹೋದರೆ ತಲೆ ಕೆಡುತ್ತದೆ. ಹಾಗಾಗಿ ಇವತ್ತು ಒಂದೇ ಕ್ಯಾಂಡಲ್ ಹಿಡಿಯೋಣ. ಬಿಟ್‌ಕಾಯಿನ್‌ನ 2021ರ ಮೇ 19ರ ಕ್ಯಾಂಡಲ್ ಅದು. ಬಾಡಿಯೂ ದೊಡ್ಡದು, ವಿಕ್ಕೂ ಉದ್ದ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹುಡುಕುವುದು ಸುಲಭ. ಚಾರ್ಟ್ ತೋರಿಸುವ TradingView ತಾಣ ತೆರೆದು BTCUSDT ಹಾಕಿ, ಬೈನಾನ್ಸ್ ಎಕ್ಸ್‌ಚೇಂಜ್‌ನ ಚಾರ್ಟ್ ಆರಿಸಿ. ಅವಧಿಯನ್ನು 1D ಮಾಡಿ, ಅಂದರೆ ಒಂದು ದಿನಕ್ಕೆ ಒಂದು ಕ್ಯಾಂಡಲ್. ಆಮೇಲೆ ಹಿಂದಕ್ಕೆ ಸರಿಸುತ್ತಾ ಆ ದಿನಾಂಕಕ್ಕೆ ಬನ್ನಿ.

ಮೊದಲು ನಾಲ್ಕು ಬೆಲೆ ಬರೆದುಕೊಳ್ಳಿ

ಆ ಕ್ಯಾಂಡಲ್ ಮೇಲೆ ಬೆರಳಿಟ್ಟರೆ ಅಥವಾ ಮೌಸ್ ಒಯ್ದರೆ ಚಾರ್ಟ್‌ನ ಮೇಲ್ಭಾಗದಲ್ಲಿ O, H, L, C ಎಂಬ ನಾಲ್ಕು ಅಕ್ಷರಗಳ ಪಕ್ಕ ನಾಲ್ಕು ಸಂಖ್ಯೆ ಕಾಣುತ್ತವೆ. ಓಪನ್, ಹೈ, ಲೋ, ಕ್ಲೋಸ್. ದಿನದ ಮೊದಲ ಬೆಲೆ, ಎಲ್ಲಕ್ಕಿಂತ ಮೇಲಿನ ಬೆಲೆ, ಎಲ್ಲಕ್ಕಿಂತ ಕೆಳಗಿನ ಬೆಲೆ, ಕೊನೆಯ ಬೆಲೆ.

ಪತ್ರಿಕೆಯ ಅಡಿಕೆ ಧಾರಣೆ ನೋಡುವವರಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತು. ಅಲ್ಲಿ ಕನಿಷ್ಠ, ಗರಿಷ್ಠ ಅಂತ ಹಾಕಿರುತ್ತಾರಲ್ವಾ? ಅದಕ್ಕೆ ದಿನದ ಮೊದಲ ವ್ಯಾಪಾರದ ಬೆಲೆ, ಕೊನೆಯ ವ್ಯಾಪಾರದ ಬೆಲೆ ಎರಡನ್ನೂ ಸೇರಿಸಿದರೆ ಒಂದು ಕ್ಯಾಂಡಲ್‌ಗೆ ಬೇಕಾದ ಲೆಕ್ಕ ಪೂರ್ತಿ ಆಯಿತು.

ನಮ್ಮ ಕ್ಯಾಂಡಲ್‌ನಲ್ಲಿ ಓಪನ್ ಸುಮಾರು 42,850 ಡಾಲರ್. ಹೈ ಸುಮಾರು 43,600. ಲೋ 30,000. ಕ್ಲೋಸ್ ಸುಮಾರು 36,700. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಈ ನಾಲ್ಕರಿಂದಲೇ ಬರುತ್ತದೆ.

ಬಾಡಿ: ಎಲ್ಲಿ ಶುರು, ಎಲ್ಲಿ ಕೊನೆ

ದಪ್ಪಗಿರುವ ಭಾಗವೇ ಬಾಡಿ. ಅದು ಓಪನ್ ಮತ್ತು ಕ್ಲೋಸ್ ನಡುವಿನ ಅಂತರ. ಕ್ಲೋಸ್ ಬೆಲೆ ಓಪನ್‌ಗಿಂತ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು. ನಮ್ಮದು 42,850ರಲ್ಲಿ ಶುರುವಾಗಿ 36,700ಕ್ಕೆ ಮುಗಿದಿದೆ, ಹಾಗಾಗಿ ಕೆಂಪು.

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಬಾಡಿಯ ಕೆಳಗಿನ ಅಂಚು ಯಾವಾಗಲೂ ಓಪನ್ ಅಂದುಕೊಂಡುಬಿಡುತ್ತಾರೆ. ಹಸಿರು ಕ್ಯಾಂಡಲ್‌ನಲ್ಲಿ ಅದು ಸರಿ: ಕೆಳಗೆ ಓಪನ್, ಮೇಲೆ ಕ್ಲೋಸ್. ಕೆಂಪಿನಲ್ಲಿ ತಲೆಕೆಳಗು. ಮೇಲಿನ ಅಂಚು ಓಪನ್, ಕೆಳಗಿನ ಅಂಚು ಕ್ಲೋಸ್. ಬಣ್ಣ ನೋಡದೆ ಅಂಚು ಓದಬೇಡಿ. ಕೆಲವು ಆ್ಯಪ್‌ಗಳಲ್ಲಿ ಬಣ್ಣವನ್ನು ನಾವೇ ಬದಲಾಯಿಸಬಹುದು, ಅದಕ್ಕೇ ಮೊದಲು ನಾಲ್ಕು ಸಂಖ್ಯೆ ನೋಡಲು ಹೇಳಿದ್ದು.

ಬಾಡಿ ಉದ್ದವಿದ್ದರೆ ಆ ದಿನ ಬೆಲೆ ಒಂದು ಕಡೆಗೆ ದೂರ ಹೋಗಿ ಅಲ್ಲೇ ನಿಂತಿತು ಎಂದರ್ಥ. ಬಾಡಿ ಗೆರೆಯಷ್ಟು ತೆಳ್ಳಗಿದ್ದರೆ ದಿನವಿಡೀ ಏನೇ ಆಗಿದ್ದರೂ ಕೊನೆಗೆ ಬೆಲೆ ಹೊರಟ ಜಾಗಕ್ಕೇ ಬಂದಿದೆ. ಅಂಥದ್ದನ್ನು ಡೋಜಿ ಎನ್ನುತ್ತಾರೆ.

ವಿಕ್: ಹೋಗಿ ನಿಲ್ಲಲಾಗದೆ ಬಂದ ಜಾಗ

ಬಾಡಿಯ ಮೇಲೆ, ಕೆಳಗೆ ಚಾಚಿಕೊಂಡ ತೆಳು ಗೆರೆಗಳೇ ವಿಕ್. ಮೇಲಿನ ವಿಕ್‌ನ ತುದಿ ಹೈ, ಕೆಳಗಿನದರ ತುದಿ ಲೋ. ನಮ್ಮ ಕ್ಯಾಂಡಲ್‌ನ ಮೇಲಿನ ವಿಕ್ 42,850ರಿಂದ 43,600ರವರೆಗೆ, ಬರೀ 750 ಡಾಲರ್. ಕೆಳಗಿನದು 36,700ರಿಂದ 30,000ದವರೆಗೆ, 6,700 ಡಾಲರ್.

ಈಗ ಅಳೆಯೋಣ. ಹೈನಿಂದ ಲೋವರೆಗೆ ಒಟ್ಟು ಉದ್ದ 13,600 ಡಾಲರ್. ಅದರಲ್ಲಿ ಬಾಡಿ 6,150, ಅಂದರೆ ಶೇ 45ರಷ್ಟು. ಕೆಳಗಿನ ವಿಕ್ ಶೇ 49ರಷ್ಟು. ಮೇಲಿನದು ಶೇ 6ನ್ನೂ ಮುಟ್ಟುವುದಿಲ್ಲ. ಕಣ್ಣಳತೆಗಿಂತ ಈ ಪಾಲು ಹಾಕುವ ಅಭ್ಯಾಸವೇ ಒಳ್ಳೆಯದು. ಚಾರ್ಟನ್ನು ಹಿಗ್ಗಿಸಿದರೆ ಪುಟ್ಟ ವಿಕ್ಕೂ ದೊಡ್ಡದಾಗಿ ಕಾಣುತ್ತದೆ, ಪಾಲು ಮಾತ್ರ ಬದಲಾಗುವುದಿಲ್ಲ.

ಈ ಪಾಲು ಹೇಳುವುದೇನು? ಬೆಲೆ 30,000ಕ್ಕೆ ಹೋಯಿತು, ಆದರೆ ಅಲ್ಲಿ ನಿಲ್ಲಲಿಲ್ಲ. ಬಿದ್ದಿದ್ದರಲ್ಲಿ ಅರ್ಧದಷ್ಟನ್ನು ದಿನ ಮುಗಿಯುವುದರೊಳಗೆ ಮೇಲೆತ್ತಲಾಯಿತು. ಆದರೂ ದಿನ ಮುಗಿದಿದ್ದು ನಷ್ಟದಲ್ಲೇ. ಬಾಡಿ ಕೆಂಪು, ಅದೂ ಉದ್ದದ್ದು. ಎರಡೂ ನಿಜ, ಎರಡನ್ನೂ ಒಟ್ಟಿಗೇ ಓದಬೇಕು. ಬರೀ ವಿಕ್ ನೋಡಿದವರು ‘ಬೆಲೆ ಪುಟಿದೆದ್ದಿತು’ ಎನ್ನುತ್ತಾರೆ. ಬರೀ ಬಾಡಿ ನೋಡಿದವರು ‘ಪೂರ್ತಿ ಕುಸಿಯಿತು’ ಎನ್ನುತ್ತಾರೆ. ಅರ್ಧರ್ಧ ಸರಿ.

ಉದ್ದ ಕೆಳ ವಿಕ್ ಕಂಡರೆ ‘ಅಲ್ಲಿ ಕೊಳ್ಳುವವರು ಜಾಸ್ತಿ ಇದ್ದರು’ ಅಂತ ಹೇಳುವುದು ರೂಢಿ. ಇದನ್ನು ಹಾಗೇ ನಂಬಬೇಡಿ. ಒಬ್ಬ ಮಾರದೆ ಇನ್ನೊಬ್ಬ ಕೊಳ್ಳಲಾರ, ಪ್ರತಿ ವ್ಯಾಪಾರದಲ್ಲೂ ಮಾರಿದಷ್ಟೇ ಕೊಂಡಿರುತ್ತಾರೆ. ಬದಲಾಗುವುದು ಯಾರಿಗೆ ಅವಸರ ಎಂಬುದು. ಮಾರುವವರಿಗೆ ಅವಸರವಿದ್ದರೆ ಸಿಕ್ಕ ಬೆಲೆಗೆ ಕೊಡುತ್ತಾರೆ, ಬೆಲೆ ಇಳಿಯುತ್ತದೆ. ಕ್ರಿಪ್ಟೊದಲ್ಲಿ ಇನ್ನೊಂದು ಕಾರಣವೂ ಇದೆ. ಸಾಲ ಮಾಡಿ, ಅಂದರೆ ಲಿವರೇಜ್ ಮೇಲೆ ಕೊಂಡವರ ಅಡಮಾನ ಸಾಕಾಗದೆ ಹೋದಾಗ ಎಕ್ಸ್‌ಚೇಂಜ್ ಅವರನ್ನು ಕೇಳದೆ ತಾನೇ ಮಾರಿಬಿಡುತ್ತದೆ. ಇದಕ್ಕೆ ಲಿಕ್ವಿಡೇಶನ್ ಎನ್ನುತ್ತಾರೆ. ಒಬ್ಬರದು ಮಾರಿದಾಗ ಬೆಲೆ ಇಳಿದು ಇನ್ನೊಬ್ಬರ ಅಡಮಾನವೂ ಸಾಕಾಗದೆ ಹೋಗುತ್ತದೆ. ಹೀಗೆ ಸಾಲುಸಾಲಾಗಿ ನಡೆದು, ಬಲವಂತದ ಮಾರಾಟ ಮುಗಿದ ಕೂಡಲೇ ಬೆಲೆ ಸರಕ್ಕನೆ ಮೇಲೇರುವುದುಂಟು. ಮೇ 19ರಂದೂ ಇಂಥ ಲಿಕ್ವಿಡೇಶನ್‌ಗಳು ದೊಡ್ಡ ಪ್ರಮಾಣದಲ್ಲಿ ನಡೆದವು. ಹಾಗಾಗಿ ಉದ್ದ ವಿಕ್ ಎಂದರೆ ಯಾರೋ ಧೈರ್ಯದಿಂದ ಕೊಂಡರು ಎಂದೇ ಆಗಬೇಕಿಲ್ಲ. ಬಲವಂತಕ್ಕೆ ಮಾರಬೇಕಾದವರು ಮುಗಿದರು ಎಂದೂ ಇರಬಹುದು.

ಮುಗಿಯುವವರೆಗೆ ಓದಬೇಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ನಮ್ಮ ಷೇರುಪೇಟೆ ಬೆಳಿಗ್ಗೆ 9.15ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ. ಕ್ರಿಪ್ಟೊ ಪೇಟೆ ಮುಚ್ಚುವುದೇ ಇಲ್ಲ. ಹಾಗಿದ್ದರೆ ದಿನದ ಕ್ಯಾಂಡಲ್ ಮುಗಿಯುವುದು ಯಾವಾಗ? ಹೆಚ್ಚಿನ ಚಾರ್ಟ್‌ಗಳು UTC ಮಧ್ಯರಾತ್ರಿಯನ್ನು ಲೆಕ್ಕಕ್ಕೆ ಹಿಡಿಯುತ್ತವೆ. ನಮಗೆ ಅದು ಬೆಳಗಿನ ಜಾವ 5.30. ಆ ಹೊತ್ತಿಗೆ ಒಂದು ಕ್ಯಾಂಡಲ್ ಮುಗಿದು, ಹೆಚ್ಚುಕಮ್ಮಿ ಅದೇ ಬೆಲೆಯಲ್ಲಿ ಮುಂದಿನದು ಶುರುವಾಗುತ್ತದೆ. ಅಲ್ಲಿಯವರೆಗೆ ಕ್ಲೋಸ್ ಎಂಬುದೇ ಇರುವುದಿಲ್ಲ. ತೆರೆಯಲ್ಲಿ C ಪಕ್ಕ ಕಾಣುವುದು ಆ ಕ್ಷಣದ ಬೆಲೆ, ಅಷ್ಟೇ.

ಮೇ 19ರಂದು ಬೆಲೆ 30,000ಕ್ಕೆ ಕುಸಿದಾಗ ನಮ್ಮಲ್ಲಿ ಸಂಜೆ ಸುಮಾರು ಆರೂವರೆ. ಆ ನಿಮಿಷದಲ್ಲಿ ಇದೇ ಕ್ಯಾಂಡಲ್ ಹೇಗೆ ಕಾಣುತ್ತಿತ್ತು ಗೊತ್ತಾ? 42,850ರಿಂದ 30,000ದವರೆಗೂ ಬರೀ ಕೆಂಪು ಬಾಡಿ. ಕೆಳಗೆ ವಿಕ್ಕೇ ಇಲ್ಲ. ಬೆಲೆ ಮೇಲೆ ಬರುತ್ತಾ ಹೋದಂತೆ ಬಾಡಿಯ ಕೆಳಭಾಗ ಕರಗಿ ತೆಳು ಗೆರೆಯಾಯಿತು. ಕೆಳಗಿನ ವಿಕ್ ಹುಟ್ಟುವುದೇ ಹೀಗೆ: ಬೆಲೆ ಹಿಂದಿರುಗಿದರೆ ಮಾತ್ರ. ಸಂಜೆ ನೋಡಿದವರಿಗೂ ಮರುದಿನ ಬೆಳಿಗ್ಗೆ ನೋಡಿದವರಿಗೂ ಕಂಡದ್ದು ಬೇರೆ ಬೇರೆ ಆಕಾರ. ಹಳೆಯ ಚಾರ್ಟ್‌ನಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಎಲ್ಲವೂ ಮುಗಿದ ಕ್ಯಾಂಡಲ್‌ಗಳೇ, ಹಾಗಾಗಿ ಓದುವುದು ತುಂಬ ಸುಲಭ ಅನಿಸುತ್ತದೆ.

ಕ್ಯಾಂಡಲ್ ಮುಚ್ಚಿಡುವುದು

ನಾಲ್ಕು ಬೆಲೆಯಲ್ಲಿ ಇಡೀ ದಿನದ ಕಥೆ ಹಿಡಿಸುವುದಿಲ್ಲ. ಹೈ ಮೊದಲು ಬಂತಾ, ಲೋ ಮೊದಲು ಬಂತಾ ಎಂದು ಕ್ಯಾಂಡಲ್ ಹೇಳುವುದಿಲ್ಲ. ನಡುವೆ ಎಷ್ಟು ಸಲ ಏರಿಳಿಯಿತು ಎಂದೂ ಹೇಳುವುದಿಲ್ಲ. ತಿಳಿಯಬೇಕಿದ್ದರೆ ಅವಧಿಯನ್ನು 1H ಮಾಡಿ. ಅದೇ ದಿನ 24 ಸಣ್ಣ ಕ್ಯಾಂಡಲ್‌ಗಳಾಗಿ ಬಿಚ್ಚಿಕೊಳ್ಳುತ್ತದೆ. ಮೇ 19ನ್ನು ಹೀಗೆ ಬಿಚ್ಚಿದರೆ ಹೈ ಮೊದಲೇ ಬಂದಿತ್ತು ಎಂದು ಕಾಣುತ್ತದೆ. ಬೆಲೆ 30,000ದಿಂದ ಎದ್ದು 38,000 ದಾಟಿ, ಮತ್ತೆ ಇಳಿದು 36,700ಕ್ಕೆ ನಿಂತದ್ದೂ ಕಾಣುತ್ತದೆ. ದಿನದ ಕ್ಯಾಂಡಲ್‌ನಲ್ಲಿ ಈ ಎರಡನೇ ಇಳಿತ ಬಾಡಿಯೊಳಗೇ ಹುದುಗಿಹೋಗಿದೆ.

ಮುಂದೇನಾಗುತ್ತದೆ ಎಂಬುದನ್ನೂ ಅದು ಹೇಳುವುದಿಲ್ಲ. ಇಷ್ಟು ಉದ್ದದ ಕೆಳ ವಿಕ್ ಕಂಡಾಗ ‘30,000ದ ಕೆಳಗೆ ಇನ್ನು ಹೋಗುವುದಿಲ್ಲ’ ಎನ್ನಲು ಯಾರಿಗಾದರೂ ಮನಸ್ಸಾಗುತ್ತದೆ. ತಿಂಗಳು ಕಳೆದು ಜೂನ್ 22ರಂದು ಬೆಲೆ ಸುಮಾರು 28,800ಕ್ಕೆ ಇಳಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಸುಮಾರು 69,000ಕ್ಕೂ ಏರಿತು. ಒಂದು ವಿಕ್ ಈ ಎರಡರಲ್ಲಿ ಯಾವುದನ್ನೂ ಮೊದಲೇ ತಿಳಿಸಲಾರದು. ಆ ದಿನ ಎಲ್ಲಿಯವರೆಗೆ ಹೋಗಿ ಎಲ್ಲಿಗೆ ಬಂದಿತು ಎನ್ನುವುದಷ್ಟೇ ಅದರ ಲೆಕ್ಕ.

ವಿಕ್ ನಿಜವಾ ಎಂದು ನೋಡಿ

ಬಿಟ್‌ಕಾಯಿನ್‌ಗೆ ಒಂದೇ ಪೇಟೆ ಇಲ್ಲ. ಪ್ರತಿ ಎಕ್ಸ್‌ಚೇಂಜ್‌ಗೂ ತನ್ನದೇ ಬೆಲೆ, ತನ್ನದೇ ಕ್ಯಾಂಡಲ್. 2021ರ ಅಕ್ಟೋಬರ್ 21ರಂದು ಬೈನಾನ್ಸ್‌ನ ಅಮೆರಿಕದ ಎಕ್ಸ್‌ಚೇಂಜ್ ಆದ Binance.USನಲ್ಲಿ ಬಿಟ್‌ಕಾಯಿನ್ ಕೆಲ ಕ್ಷಣ 65,000ದ ಆಸುಪಾಸಿನಿಂದ ಸುಮಾರು 8,200 ಡಾಲರ್‌ಗೆ ಬಿದ್ದು ಮತ್ತೆ ಮೇಲೆ ಬಂದಿತು. ದೊಡ್ಡ ಗಿರಾಕಿಯೊಬ್ಬರ ಟ್ರೇಡಿಂಗ್ ಪ್ರೋಗ್ರಾಮ್‌ನಲ್ಲಿದ್ದ ದೋಷ ಇದಕ್ಕೆ ಕಾರಣ ಎಂದು ಎಕ್ಸ್‌ಚೇಂಜ್ ಹೇಳಿತು. ಬೇರೆ ಎಕ್ಸ್‌ಚೇಂಜ್‌ಗಳಲ್ಲಿ ಅಂಥ ಕುಸಿತ ಇರಲಿಲ್ಲ. ಆ ಚಾರ್ಟ್ ಒಂದನ್ನೇ ನೋಡಿದವರಿಗೆ ಬಿಟ್‌ಕಾಯಿನ್ ಶೇ 87ರಷ್ಟು ಕುಸಿದು ಎದ್ದಂತೆ ಕಂಡಿರುತ್ತದೆ.

ಹಾಗಾಗಿ ವಿಪರೀತ ಉದ್ದದ ವಿಕ್ ಕಂಡರೆ ಅದೇ ದಿನ, ಅದೇ ಅವಧಿಯನ್ನು ಇನ್ನೊಂದು ದೊಡ್ಡ ಎಕ್ಸ್‌ಚೇಂಜ್‌ನ ಚಾರ್ಟ್‌ನಲ್ಲಿ ತೆರೆದು ನೋಡಿ. ಮೇ 19ರ ವಿಕ್ ಎಲ್ಲ ಕಡೆಯೂ ಇದೆ, ತುದಿಯ ಬೆಲೆಯಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ. ಅದು ಇಡೀ ಪೇಟೆಯ ಕುಸಿತ. ಅಕ್ಟೋಬರ್ 21ರದ್ದು ಒಂದೇ ಕಡೆ ಇದೆ. ವ್ಯಾಪಾರ ಕಡಿಮೆ ಇರುವ ಸಣ್ಣ ಕಾಯಿನ್‌ಗಳಲ್ಲಿ ಇಂಥವು ಆಗಾಗ ಸಿಗುತ್ತವೆ, ಒಂದು ದೊಡ್ಡ ಆರ್ಡರ್ ಬಂದರೂ ಸಾಕು.

ಕೊನೆಯದಾಗಿ ಚಾರ್ಟ್‌ನ ಬಗೆಯನ್ನೂ ನೋಡಿಕೊಳ್ಳಿ. ಮೆನುವಿನಲ್ಲಿ Heikin Ashi ಎಂದು ಇದ್ದರೆ ಅದು ಬೆಲೆಗಳ ಸರಾಸರಿ ತೆಗೆದು ಬರೆದ ಕ್ಯಾಂಡಲ್. ಅದರ ಬಾಡಿಯ ಅಂಚುಗಳು ನಿಜವಾದ ಓಪನ್, ಕ್ಲೋಸ್ ಅಲ್ಲ. ಅದನ್ನು Candles ಎಂದು ಬದಲಿಸಿದ ಮೇಲೆಯೇ ಇಲ್ಲಿನ ಲೆಕ್ಕ ಹೊಂದುತ್ತದೆ.