ಕಥೆ ಮರೆಯುವ ಕಾಲುಚೀಲದ ಗೊಂಬೆ

ನಾಲ್ಕು ವರ್ಷದ ಮಗುವಿಗೆ ಗೊಂಬೆ ಹಿಡಿದು ಕಥೆ ಹೇಳುವಾಗ, ಕಥೆಯನ್ನು ನೀವು ಹೇಳಿ, ಗೊಂಬೆ ಮಾತ್ರ ನಡುನಡುವೆ ತಪ್ಪು ಹೇಳಲಿ. "ಕಾಗೆ ಹೂಜಿಯೊಳಗೆ ಎಲೆ ಹಾಕಿತು" ಅಂತ ಗೊಂಬೆ ಹೇಳಿದರೆ, "ಎಲೆ ಅಲ್ಲ, ಕಲ್ಲು!" ಅಂತ ಮಗು ತಿದ್ದುತ್ತದೆ. ಆಗ ಗೊಂಬೆ, "ಎಲೆ ಹಾಕಿದ್ರೆ ನೀರು ಮೇಲೆ ಬರಲ್ವಾ?" ಅಂತ ಕೇಳಲಿ. ದೊಡ್ಡವರು ಕೇಳಿದರೆ ಅದು ಪರೀಕ್ಷೆ ಅನಿಸುತ್ತದೆ. ತನಗಿಂತ ಕಡಿಮೆ ಗೊತ್ತಿರುವ ಗೊಂಬೆಗೆ ವಿವರಿಸಲು ಮಗುವಿಗೆ ಸಂಕೋಚವಿಲ್ಲ, ಕಥೆಯೂ ಮಗುವಿನ ಮಾತಿನಲ್ಲೇ ಹೊರಬರುತ್ತದೆ. ಗೊಂಬೆಗೆ ಒಂದು ಹಳೆಯ ಕಾಲುಚೀಲ ಸಾಕು. ನಾಲ್ಕು ಬೆರಳು ತುದಿಗೆ, ಹೆಬ್ಬೆರಳು ಹಿಮ್ಮಡಿಯ ಜಾಗಕ್ಕೆ ಹಾಕಿ, ನಡುವಿನ ಬಟ್ಟೆಯನ್ನು ಒಳಗೆ ಒತ್ತಿದರೆ ಬಾಯಿ ಆಯಿತು. ಕಣ್ಣುಗಳನ್ನು ಮಾರ್ಕರ್‌ನಲ್ಲಿ ಬಾಯಿಗೆ ಹತ್ತಿರವೇ ಬರೆಯಿರಿ. ಗುಂಡಿ ಹೊಲಿದರೆ ಕಿತ್ತು ಬಾಯಿಗೆ ಹಾಕಿಕೊಳ್ಳುವ ಭಯ, ಚಿಕ್ಕ ಮಗು ಇರುವ ಮನೆಯಲ್ಲಂತೂ ಬೇಡವೇ ಬೇಡ. ಮಾತಾಡಿಸುವಾಗ ಹೆಬ್ಬೆರಳನ್ನು ಮಾತ್ರ ಕೆಳಗೆ ಇಳಿಸಿ. ಮೇಲಿನ ಬೆರಳು ಎತ್ತಿದರೆ ಗೊಂಬೆಯ ಕಣ್ಣು ಸೂರು ನೋಡುತ್ತದೆ, ಮಗುವಿನ ಗಮನ ಅಲ್ಲೇ ತಪ್ಪುತ್ತದೆ. ಮಣಿಕಟ್ಟನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ನೋಟ ಸರಿಯಾಗಿ ಮಗುವಿನ ಮೇಲೆ ಬೀಳುತ್ತದೆ, ಇದನ್ನೊಮ್ಮೆ ಕನ್ನಡಿ ಮುಂದೆ ನೋಡಿಕೊಳ್ಳಿ. ಹೊಸ ಕಥೆಗೆ ಈ ತಪ್ಪು ಹೇಳಿಸುವ ಉಪಾಯ ನಡೆಯುವುದಿಲ್ಲ. ಯಾವುದು ತಪ್ಪು ಅಂತ ಮಗುವಿಗೆ ಗೊತ್ತಿರಬೇಕಲ್ವಾ? ತಪ್ಪು ಜಾಸ್ತಿಯಾದರೂ ಕಥೆಯ ಎಳೆ ಹರಿದುಹೋಗುತ್ತದೆ, ಒಂದು ಕಥೆಗೆ ಎರಡು ಮೂರು ಸಾಕು. ಮಗು ತಿದ್ದದೆ ಸುಮ್ನೆ ನಿಮ್ಮ ಮುಖ ನೋಡಿದರೆ ಅದಕ್ಕೆ ಗೊಂದಲವಾಗಿದೆ ಅಂತ ತಿಳಿಯಿರಿ. ಆಗ ಗೊಂಬೆಯೇ "ಅಯ್ಯೋ, ಕಲ್ಲು ಅಲ್ವಾ!" ಅಂದು ಮುಂದೆ ಹೋಗಲಿ.