ಅರ್ಥಶಾಸ್ತ್ರದ ಪ್ರಬಂಧದಲ್ಲಿ ಚಿತ್ರ ಒಂದು, ಮಾತು ಇನ್ನೊಂದು ಆಗದಂತೆ ನೋಡಿಕೊಳ್ಳುವುದು ಹೇಗೆ?

ಪದವಿ ತರಗತಿಯ ಅರ್ಥಶಾಸ್ತ್ರ ಪ್ರಬಂಧಗಳಲ್ಲಿ ರಾಗಿಯ ಬೆಂಬಲ ಬೆಲೆ ಮತ್ತೆ ಮತ್ತೆ ಬರುವ ವಿಷಯ. ಬರೆದವರಿಗೆ ವಿಷಯ ಗೊತ್ತಿರುತ್ತದೆ, ರೇಖಾಚಿತ್ರವನ್ನೂ ಅಚ್ಚುಕಟ್ಟಾಗಿ ಎಳೆದಿರುತ್ತಾರೆ. ಆದರೂ ಅಂಕಗಳು ಹೋಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಆರಂಭದಲ್ಲಿ ಹೇಳಿಕೊಂಡ ಊಹೆ ಒಂದು ಮಾರುಕಟ್ಟೆಯದು, ಚಿತ್ರ ಇನ್ನೊಂದರದು, ವಿವರಣೆ ಮೂರನೆಯದರದು. ಮೂರನ್ನೂ ಬಿಡಿಬಿಡಿಯಾಗಿ ಓದಿದರೆ ಯಾವುದರಲ್ಲೂ ತಪ್ಪು ಕಾಣಿಸುವುದಿಲ್ಲ. ಆದ್ದರಿಂದ ಪರಿಶೀಲನೆಗೆ ಒಂದು ಕ್ರಮ ಬೇಕಾಗುತ್ತದೆ.

ಉದಾಹರಣೆಗೆ ಒಂದು ಕಲ್ಪಿತ ಮಾರುಕಟ್ಟೆಯನ್ನು ತೆಗೆದುಕೊಳ್ಳೋಣ. ಕ್ವಿಂಟಲಿಗೆ 3,000 ರೂಪಾಯಿ ಬೆಲೆಯಲ್ಲಿ ಬೇಡಿಕೆಯೂ ಪೂರೈಕೆಯೂ 60,000 ಕ್ವಿಂಟಲ್‌ಗೆ ಸಮವಾಗುತ್ತವೆ. ಬೆಲೆ 100 ರೂಪಾಯಿ ಏರಿದಾಗಲೆಲ್ಲ ಬೇಡಿಕೆ 2,000 ಕ್ವಿಂಟಲ್ ಇಳಿಯುತ್ತದೆ, ಪೂರೈಕೆ 3,000 ಕ್ವಿಂಟಲ್ ಹೆಚ್ಚುತ್ತದೆ. ಸರ್ಕಾರ 4,000 ರೂಪಾಯಿಗಳ ಬೆಂಬಲ ಬೆಲೆಯನ್ನು ಘೋಷಿಸುತ್ತದೆ. 2025-26ಕ್ಕೆ ಕೇಂದ್ರ ನಿಗದಿಪಡಿಸಿದ ಬೆಲೆ 4,886 ರೂಪಾಯಿ. ಲೆಕ್ಕ ಹಗುರವಾಗಲೆಂದು ಇಲ್ಲಿ ದುಂಡಗಿನ ಸಂಖ್ಯೆಗಳನ್ನು ಬಳಸಿದ್ದೇನೆ.

ಮೊದಲ ಹೆಜ್ಜೆಯಾಗಿ ವಿವರಣೆಯನ್ನು ಒಂದು ಹಾಳೆಯಿಂದ ಮುಚ್ಚಿ, ಚಿತ್ರವನ್ನು ಮಾತ್ರ ನೋಡುತ್ತಾ ಅದು ಏನು ಹೇಳುತ್ತದೆಂಬುದನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಬೇರೆ ಕಡೆ ಬರೆಯಬೇಕು. ನಮ್ಮ ಚಿತ್ರದಲ್ಲಿ 4,000ದ ಮಟ್ಟದಲ್ಲಿ ಎಳೆದ ಅಡ್ಡಗೆರೆ ಬೇಡಿಕೆ ರೇಖೆಯನ್ನು 40,000ದಲ್ಲಿ, ಪೂರೈಕೆ ರೇಖೆಯನ್ನು 90,000ದಲ್ಲಿ ಮುಟ್ಟುತ್ತದೆ. ಹಾಗಾದರೆ ಚಿತ್ರ ಹೇಳುವುದಿಷ್ಟೇ: ಈ ಬೆಲೆಯಲ್ಲಿ ಬಳಕೆದಾರರು 40,000 ಕ್ವಿಂಟಲ್ ಕೊಳ್ಳುತ್ತಾರೆ, ರೈತರು 90,000 ಕ್ವಿಂಟಲ್ ಮಾರಲು ಸಿದ್ಧರಿದ್ದಾರೆ, 50,000 ಕ್ವಿಂಟಲ್ ಹೆಚ್ಚುವರಿಯಾಗಿದೆ. ಆ ಹೆಚ್ಚುವರಿಯನ್ನು ಯಾರು ಕೊಳ್ಳುತ್ತಾರೆಂಬುದು ಈ ಎರಡು ರೇಖೆಗಳಲ್ಲಿ ಎಲ್ಲಿಯೂ ಇಲ್ಲ. ಇದನ್ನು ಬರೆದುಕೊಂಡ ಮೇಲೆಯೇ ಹಾಳೆಯನ್ನು ಸರಿಸಿ ವಿವರಣೆಯನ್ನು ಓದಬೇಕು. ಮೊದಲು ವಿವರಣೆಯನ್ನು ಓದಿಬಿಟ್ಟರೆ, ಚಿತ್ರದಲ್ಲಿ ಇಲ್ಲದ್ದೂ ಇದ್ದಂತೆ ಕಾಣತೊಡಗುತ್ತದೆ.

ಎರಡನೆಯದು ಊಹೆಗಳ ಸರದಿ. ಪ್ರತಿಯೊಂದು ಊಹೆಯ ಎದುರು ನಿಂತು, ಇದರ ಗುರುತು ಚಿತ್ರದಲ್ಲಿ ಎಲ್ಲಿದೆ ಎಂದು ಕೇಳಬೇಕು. ಬಂದ ರಾಗಿಯನ್ನೆಲ್ಲ ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುತ್ತದೆ ಎಂಬ ಊಹೆಯಿದ್ದರೆ 40,000ದಿಂದ 90,000ದವರೆಗಿನ ಅಗಲ ಸರ್ಕಾರದ ಖರೀದಿ ಎಂದು ಚಿತ್ರದಲ್ಲಿ ಬರೆದಿರಬೇಕು. ಸರ್ಕಾರ ಏನನ್ನೂ ಕೊಳ್ಳದೆ, 4,000ಕ್ಕಿಂತ ಕಡಿಮೆಗೆ ಮಾರುವಂತಿಲ್ಲ ಎಂದು ಕಾನೂನು ಮಾಡಿದೆ ಎಂಬ ಊಹೆಯಿದ್ದರೆ ಚಿತ್ರದ ರೇಖೆಗಳು ಅವೇ, ಆದರೆ ನಡೆಯುವ ವ್ಯಾಪಾರ 40,000 ಕ್ವಿಂಟಲ್ ಮಾತ್ರ. ಆಗ ‘ರೈತರು 90,000 ಕ್ವಿಂಟಲ್ ಮಾರಿ ಲಾಭ ಪಡೆಯುತ್ತಾರೆ’ ಎಂಬ ವಾಕ್ಯ ನಿಲ್ಲುವುದಿಲ್ಲ.

ನಮ್ಮಲ್ಲಿ ನಿಜವಾಗಿ ನಡೆಯುವುದು ಇವೆರಡೂ ಅಲ್ಲ ಎಂಬುದೇ ಇಲ್ಲಿಯ ತೊಡಕು. ಖಾಸಗಿ ವರ್ತಕರು ಬೆಂಬಲ ಬೆಲೆಯನ್ನೇ ಕೊಡಬೇಕೆಂಬ ಕಟ್ಟಳೆಯಿಲ್ಲ, ಖರೀದಿ ಕೇಂದ್ರಗಳಲ್ಲಿ ಒಬ್ಬ ರೈತರಿಂದ ಇಷ್ಟೇ ಕ್ವಿಂಟಲ್ ಎಂದು ಮಿತಿ ಹಾಕುವುದುಂಟು. ವಿದ್ಯಾರ್ಥಿ ಈ ಮಿತಿಯನ್ನು ಊಹೆಯಾಗಿ ಬರೆದು, ಪಠ್ಯಪುಸ್ತಕದ ಹಳೆಯ ಚಿತ್ರವನ್ನೇ ಕೆಳಗೆ ಎಳೆದಿದ್ದರೆ ಎರಡೂ ಕೂಡುವುದಿಲ್ಲ. ಸರ್ಕಾರದ ಒಟ್ಟು ಖರೀದಿ 10,000 ಕ್ವಿಂಟಲ್ ಮಾತ್ರ, ಪ್ರತಿಯೊಬ್ಬ ರೈತರ ಬೆಳೆಯೂ ತಮ್ಮ ಪಾಲಿನ ಮಿತಿಗಿಂತ ಹೆಚ್ಚು ಎಂದಿಟ್ಟುಕೊಳ್ಳಿ. ಮಿಕ್ಕ ರಾಗಿ ಮಂಡಿಗೆ ಹೋಗಲೇಬೇಕು. ಅಲ್ಲಿಯ ಬೆಲೆ 3,200 ರೂಪಾಯಿಗೆ ನಿಲ್ಲುತ್ತದೆ. ಏಕೆಂದರೆ ಆ ಬೆಲೆಯಲ್ಲಿ ಪೂರೈಕೆ 66,000, ಬೇಡಿಕೆ 56,000, ನಡುವಿನ ಅಂತರ ಸರಿಯಾಗಿ 10,000. ಚಿತ್ರದಲ್ಲಿ ಬೇಡಿಕೆ ರೇಖೆಯ ಬಲಕ್ಕೆ, 10,000 ಕ್ವಿಂಟಲ್ ದೂರದಲ್ಲಿ, ಸರ್ಕಾರದ ಖರೀದಿಯೂ ಸೇರಿದ ಇನ್ನೊಂದು ರೇಖೆ ಬರಬೇಕು. 4,000ದ ಅಡ್ಡಗೆರೆ ಖರೀದಿ ಕೇಂದ್ರದ ಬೆಲೆಯಾಗಿ ಮಾತ್ರ ಉಳಿಯುತ್ತದೆ.

ಇಷ್ಟು ಬದಲಾವಣೆ ಮಾಡುವ ಧೈರ್ಯವಿಲ್ಲದವರು ಮಿತಿಯ ಊಹೆಯನ್ನು ಕೈಬಿಟ್ಟು ‘ಸರ್ಕಾರ ಎಲ್ಲವನ್ನೂ ಕೊಳ್ಳುತ್ತದೆ’ ಎಂದು ಸ್ಪಷ್ಟವಾಗಿ ಬರೆಯುವುದು ವಾಸಿ. ವಾಸ್ತವಕ್ಕೆ ದೂರವಾದರೂ ಚಿತ್ರಕ್ಕೆ ಹೊಂದುವ ಊಹೆಯನ್ನು ಪರೀಕ್ಷಕರು ಒಪ್ಪುತ್ತಾರೆ. ವಾಸ್ತವಕ್ಕೆ ಹತ್ತಿರವಾಗಿದ್ದು ಚಿತ್ರಕ್ಕೆ ವಿರುದ್ಧವಾದದ್ದನ್ನು ಒಪ್ಪುವುದು ಕಷ್ಟ.

ಕಾಲದ ಊಹೆಯನ್ನು ಬಹಳ ಮಂದಿ ಬರೆಯುವುದೇ ಇಲ್ಲ, ಆದರೆ ವಿವರಣೆಯಲ್ಲಿ ಅದು ನುಸುಳಿರುತ್ತದೆ. ‘ಕೊಯ್ಲಾಗಿ ರಾಗಿ ಕಣಕ್ಕೆ ಬಂದಾಗ ಸರ್ಕಾರ ಬೆಲೆ ಘೋಷಿಸಿತು’ ಎಂದು ಬರೆದ ಕೂಡಲೇ ಪೂರೈಕೆ 60,000ದಲ್ಲಿ ನೆಟ್ಟಗೆ ನಿಲ್ಲುತ್ತದೆ. ಬೆಲೆ ಎಷ್ಟಾದರೂ ಆ ವರ್ಷ ಹೆಚ್ಚು ಬೆಳೆಯಲಾಗದು. ಆಗ ಹೆಚ್ಚುವರಿ 50,000 ಅಲ್ಲ, 20,000. ಓರೆ ರೇಖೆಯನ್ನೇ ಉಳಿಸಿಕೊಳ್ಳಬೇಕಾದರೆ ಬಿತ್ತನೆಗೆ ಮೊದಲೇ ಬೆಲೆ ಗೊತ್ತಿತ್ತು ಎಂದು ಊಹೆಯಲ್ಲಿ ಸೇರಿಸಬೇಕು. ಇದರ ಜೊತೆಗೇ ಇನ್ನೊಂದನ್ನು ನೋಡಬೇಕು. ಬೆಂಬಲ ಬೆಲೆಯಿಂದ ಪೂರೈಕೆ ಹೆಚ್ಚುತ್ತದೆ ಎಂದು ಬರೆದವರು ಪೂರೈಕೆ ರೇಖೆಯನ್ನೇ ಬಲಕ್ಕೆ ಸರಿಸಿರುತ್ತಾರೆ. ಅದು ಒಳ್ಳೆಯ ಮಳೆಯ ಚಿತ್ರವೇ ಹೊರತು ಬೆಂಬಲ ಬೆಲೆಯದಲ್ಲ. ಹಾಗೆ ಸರಿಸಿದರೆ ಸಮತೋಲನ ಬೆಲೆ ಇಳಿಯುತ್ತದೆ. ಬೆಲೆ ಏರಿದ್ದಕ್ಕೆ ಹೆಚ್ಚಿದ ಪೂರೈಕೆ ಅದೇ ರೇಖೆಯ ಮೇಲಿನ ಚಲನೆ.

ಕೊನೆಯಲ್ಲಿ ಗೆರೆ ತುಂಬಿದ ಭಾಗಗಳನ್ನು ಸಂಖ್ಯೆಗಳಿಂದ ಅಳೆಯಬೇಕು. ಎಲ್ಲವನ್ನೂ ಕೊಳ್ಳುವ ಸರ್ಕಾರದ ಖರ್ಚು 50,000 ಕ್ವಿಂಟಲನ್ನು 4,000 ರೂಪಾಯಿಗಳಿಂದ ಗುಣಿಸಿದಷ್ಟು, ಅಂದರೆ 20 ಕೋಟಿ. ಚಿತ್ರದಲ್ಲಿ ಅದು ಅಡ್ಡಕ್ಷದಿಂದ ಬೆಂಬಲ ಬೆಲೆಯವರೆಗೂ ಎತ್ತರವಿರುವ ಆಯತ. 3,000 ಮತ್ತು 4,000ದ ನಡುವಿನ ಪಟ್ಟಿಗೆ ಮಾತ್ರ ಗೆರೆ ತುಂಬಿ ‘ಸರ್ಕಾರದ ವೆಚ್ಚ’ ಎಂದು ಬರೆದಿದ್ದರೆ ಚಿತ್ರ 5 ಕೋಟಿ ಎನ್ನುತ್ತಿದೆ. ಕೊಂಡ ರಾಗಿಯನ್ನು ಸರ್ಕಾರ ಬೇರೆಲ್ಲೋ 3,000ಕ್ಕೆ ಮಾರಿ, ಕಳೆದುಕೊಂಡ ಹಣವನ್ನಷ್ಟೇ ಲೆಕ್ಕ ಹಾಕಿದರೆ ಮಾತ್ರ ಅದು ಸರಿ, ಹಾಗಿದ್ದರೆ ಆ ಮಾರಾಟ ಊಹೆಗಳ ಪಟ್ಟಿಯಲ್ಲಿ ಇರಬೇಕು.

ಬಳಕೆದಾರರ ಖರ್ಚನ್ನೂ ಹೀಗೆಯೇ ಗುಣಿಸಿ ನೋಡುವುದು ಒಳ್ಳೆಯದು. ರಾಗಿ ದಿನನಿತ್ಯದ ಆಹಾರ, ಅದರ ಬೇಡಿಕೆ ಅಷ್ಟಾಗಿ ಸ್ಥಿತಿಸ್ಥಾಪಕವಲ್ಲ, ಆದ್ದರಿಂದ ಬೆಲೆ ಏರಿದಾಗ ಜನರ ಒಟ್ಟು ಖರ್ಚೂ ಏರುತ್ತದೆ ಎಂದು ಪ್ರಬಂಧ ವಾದಿಸುತ್ತದೆ ಎನ್ನಿ. ವಾದ ಒಳ್ಳೆಯದೇ. ಆದರೆ ನಮ್ಮ ಚಿತ್ರದಲ್ಲಿ ಮೊದಲಿನ ಖರ್ಚು 18 ಕೋಟಿ, ಬೆಲೆ ಏರಿದ ಮೇಲೆ 40,000 ಕ್ವಿಂಟಲಿಗೆ 16 ಕೋಟಿ. ಖರ್ಚು ಇಳಿದಿದೆ, ಎಂದರೆ ಎಳೆದಿರುವುದು ಸ್ಥಿತಿಸ್ಥಾಪಕ ಬೇಡಿಕೆಯ ರೇಖೆ. ಮಾತು ಉಳಿಯಬೇಕಾದರೆ ಬೇಡಿಕೆ ರೇಖೆಯನ್ನು ಇನ್ನಷ್ಟು ಕಡಿದಾಗಿ ಎಳೆಯಬೇಕು. 4,000ದಲ್ಲಿ ಬೇಡಿಕೆ 54,000 ಎಂದಿಟ್ಟರೆ ಖರ್ಚು 21 ಕೋಟಿ 60 ಲಕ್ಷಕ್ಕೆ ಏರುತ್ತದೆ. ಆದರೆ ಆಗ ಹೆಚ್ಚುವರಿ 36,000ಕ್ಕೆ, ಸರ್ಕಾರದ ವೆಚ್ಚ 14 ಕೋಟಿ 40 ಲಕ್ಷಕ್ಕೆ ಇಳಿಯುವುದರಿಂದ ಹಿಂದಿನ ಪುಟಗಳಲ್ಲಿ 50,000 ಮತ್ತು 20 ಕೋಟಿ ಎಂದು ಬರೆದ ಕಡೆಯಲ್ಲೆಲ್ಲ ತಿದ್ದುಪಡಿ ಆಗಬೇಕು.