ಗಾಜುಹಂಚಿನ ಬಿಸಿಲು ಎರಡು ಸಾಲಿಗೆ ಇಳಿದದ್ದು

ನಾನು ಕವಿತೆಗೆ ಮೊದಲು ಚಿತ್ರವನ್ನು ಗದ್ಯದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಹೀಗೆ: ‘ಹಂಚಿನ ಮಾಡಿನಲ್ಲಿ ಕೂರಿಸಿದ ಗಾಜಿನ ಹಂಚಿನಿಂದ ಬಿಸಿಲು ಕತ್ತಲೆಯ ಅಡುಗೆಮನೆಗೆ ಇಳಿದು ಕೋಲು ನೆಟ್ಟ ಹಾಗೆ ನಿಂತಿದೆ, ಒಲೆಯ ಹೊಗೆ ಬಳ್ಳಿಯ ಹಾಗೆ ಅದನ್ನು ಸುತ್ತಿಕೊಂಡು ಮೇಲೇರುತ್ತಿದೆ.’ ನೋಡಿದವರಿಗೆ ಇದು ಕ್ಷಣದ ಚಿತ್ರ. ಗದ್ಯದಲ್ಲಿ ಮಾತ್ರ ಎರಡು ‘ಹಾಗೆ’ಗಳು ಸೇರಿ ಅದನ್ನು ವರದಿ ಮಾಡಿಬಿಟ್ಟಿವೆ. ಐದು ಮಾತ್ರೆಯ ಗಣಗಳಲ್ಲಿ, ಎರಡೇ ಸಾಲಿನಲ್ಲಿ ಇದನ್ನು ಹಿಡಿಯಬೇಕಿತ್ತು.

ಮೊದಲು ಹೋಗಬೇಕಾದವು ‘ಹಾಗೆ’ಗಳೇ. ಹೊಗೆಯೇ ಬಳ್ಳಿಯಾದರೆ ‘ಹೊಗೆಬಳ್ಳಿ’, ಬಿಸಿಲೇ ಕೋಲಾದರೆ ‘ಬಿಸಿಲುಗೋಲು’. ಎರಡೂ ಕರ್ಮಧಾರಯ. ಸಮಾಸ ಇಷ್ಟಕ್ಕೆ ನಿಂತರೆ ಕೇಳುವವರಿಗೆ ಕಷ್ಟವಿಲ್ಲ. ಕೈ ನಿಲ್ಲದೆ ಮುಂದುವರಿದರೆ ಏನಾಗುತ್ತದೆ ಎಂದು ನೋಡಲು ಇಡೀ ವಾಕ್ಯವನ್ನೂ ಹೊಸೆದು ನೋಡಿದೆ: ‘ಗಾಜುಹಂಚಿಳಿಬಿಸಿಲುಗೋಲು’. ಇಲ್ಲಿ ‘ಹಂಚು’ವಿನ ಉಕಾರ ಲೋಪವಾಗಿ ‘ಹಂಚಿ’ ಎಂದು ಕೇಳಿಸುತ್ತದೆ. ಯಾರೋ ಏನನ್ನೋ ಹಂಚುತ್ತಿದ್ದಾರೆ ಅನ್ನಿಸುತ್ತದೆ. ‘ಇಳಿಬಿಸಿಲು’ ಅಂದರೆ ಸಂಜೆಯ ಬಿಸಿಲು. ನನ್ನದು ಹತ್ತು ಗಂಟೆಯ ಬಿಸಿಲು. ‘ಇಳಿದ ಬಿಸಿಲು’ ಎಂದು ಕೃದಂತವನ್ನು ಪೂರ್ತಿ ಇಟ್ಟರೆ ಈ ಗೊಂದಲ ಇಲ್ಲ, ಖರ್ಚು ಒಂದೇ ಮಾತ್ರೆ.

ಸಂಸ್ಕೃತದಲ್ಲಾದರೆ ‘ಧೂಮಲತಾವೇಷ್ಟಿತಕಿರಣಸ್ತಂಭ’ ಎಂದು ನಾಲ್ಕೈದು ಪದ ಪೋಣಿಸಿದರೂ ವ್ಯಾಕರಣ ತಡೆದುಕೊಳ್ಳುತ್ತದೆ. ಕನ್ನಡದ ನಾಮಪದಗಳ ಜೋಡಣೆ ಎರಡು ಪದಕ್ಕೆ ಹಾಯಾಗಿರುತ್ತದೆ, ಮೂರನೆಯದಕ್ಕೆ ಏದುಸಿರು ಬಿಡುತ್ತದೆ. ಸಂಸ್ಕೃತದ ಆ ಸರಪಳಿಯಲ್ಲಿ ನನಗೆ ಕಂಡ ಇನ್ನೊಂದು ತೊಂದರೆ ಎಂದರೆ ಅಲ್ಲಿ ಒಲೆ ಇಲ್ಲ. ‘ಧೂಮ’ ಹೋಮಕುಂಡದಿಂದ ಏಳುತ್ತದೆ, ಹಸಿ ಸೌದೆಯಿಂದ ಏಳುವುದು ಹೊಗೆ. ಎರಡನ್ನೂ ಬೆರೆಸಿ ‘ಧೂಮಬಳ್ಳಿ’ ಅಂದರೆ ಅರಿಸಮಾಸ. ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಹೀಗೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದಂತೆ ಎಂದು ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲೇ ಮೂಗು ಮುರಿದಿತ್ತು. ‘ಮಂಗಳಾರತಿ’ಯಂಥವು ಬಳಕೆಯಲ್ಲಿ ಗಟ್ಟಿಯಾಗಿ ನಿಂತಿರುವಾಗ ನಾನು ಅಷ್ಟು ಮಡಿ ಮಾಡುವುದಿಲ್ಲ. ಆದರೆ ಪದ ಹೊಸದಾಗಿದ್ದಾಗ ಎರಡು ಭಾಗವೂ ಒಂದೇ ಮನೆಯವಾಗಿದ್ದರೆ ಕಿವಿಗೆ ಬಿಡಿಸಿಕೊಳ್ಳುವುದು ಸುಲಭ.

ಈಗ ಸಂಧಿ. ‘ಬಿಸಿಲುಕೋಲು’ ಅನ್ನಬಹುದಿತ್ತು, ಹಾಗೆ ಅನ್ನುವವರೂ ಇದ್ದಾರೆ. ನಾನು ಆದೇಶ ಮಾಡಿ ‘ಗೋಲು’ ಮಾಡಿಕೊಂಡೆ. ಕಕಾರ ಗಕಾರವಾದ ಕೂಡಲೇ ಇದು ಒಂಟಿ ಪದವಲ್ಲ, ಹಿಂದಿನದಕ್ಕೆ ಅಂಟಿದೆ ಎಂದು ಕಿವಿಗೆ ಗೊತ್ತಾಗುತ್ತದೆ. ‘ಬಿಸಿಲ್ಗುದುರೆ’, ‘ಮಳೆಗಾಲ’, ‘ಊರುಗೋಲು’ ಕೇಳಿ ಬೆಳೆದವರಿಗೆ ದಾರಿ ಆಗಲೇ ಸವೆದಿದೆ. ಆದರೆ ಆದೇಶವಾದ ರೂಪವೇ ಬೇರೊಂದು ಪದವಾಗಿದ್ದರೆ ಕೆಟ್ಟಿತು. ಇನ್ನೊಂದು ಕವಿತೆಯಲ್ಲಿ ಮುಗಿಲನ್ನು ಕುರಿಹಿಂಡು ಮಾಡುವಾಗ ‘ಮುಗಿಲುಗುರಿ’ ಎಂದು ಬಂತು. ಕೇಳಿದವರೆಲ್ಲ ಮುಗಿಲಿಗೆ ಗುರಿ ಇಟ್ಟರು. ಅಲ್ಲಿ ‘ಮುಗಿಲ ಕುರಿ’ ಎಂದು ಬಿಡಿಸಿಯೇ ಬರೆಯಬೇಕಾಯಿತು.

‘ಬಿಸಿಲ್ಗೋಲು’ ಎಂದು ಉಕಾರವನ್ನೂ ತೆಗೆದು ಇನ್ನಷ್ಟು ಬಿಗಿ ಮಾಡುವ ಆಸೆ ಇತ್ತು. ಎಣಿಸಿ ನೋಡಿದರೆ ಉಳಿತಾಯವೇ ಇಲ್ಲ: ‘ಬಿಸಿಲುಗೋ’ ಐದು ಮಾತ್ರೆ, ‘ಬಿಸಿಲ್ಗೋ’ ಕೂಡ ಐದೇ. ಹೋದ ಉಕಾರದ ಮಾತ್ರೆಯನ್ನು ಒತ್ತಕ್ಷರ ಹಿಂದಿನ ‘ಸಿ’ಯನ್ನು ಗುರು ಮಾಡಿ ವಸೂಲು ಮಾಡುತ್ತದೆ. ಜೊತೆಗೆ ಲಘುವಿನ ಬೆನ್ನಿಗೇ ಗುರು ಬಂದು ಗಣ ಶುರುವಾದರೆ ಮಾತ್ರಾಲಯದಲ್ಲಿ ನಡೆ ಮುಗ್ಗರಿಸುತ್ತದೆ. ಹಾಗಾಗಿ ಉಕಾರ ಉಳಿಯಿತು.

ಇಷ್ಟರಲ್ಲಿ ಸಾಲು ಹೀಗಿತ್ತು:

ಗಾಜುಹಂಚಿಂದಿಳಿದ ಬಿಸಿಲುಗೋಲನು ಹಿಡಿದೊ-
ಲೆಯ ಹೊಗೆಬಳ್ಳಿ ಮೇಲೇರುತಿದೆ

ಬರೆದದ್ದನ್ನು ತೋರಿಸದೆ, ಫೋನಿನಲ್ಲಿ ಅತ್ತಿಗೆಗೆ ಓದಿ ಹೇಳುವುದು ನನ್ನ ರೂಢಿ. ಅವರು ಕವಿತೆ ಓದುವವರಲ್ಲ, ಅದಕ್ಕೇ. ‘ಚೆನ್ನಾಗಿದೆಯಾ’ ಎಂದು ಕೇಳುವುದಿಲ್ಲ, ‘ಏನು ಕಂಡಿತು’ ಎಂದಷ್ಟೇ ಕೇಳುತ್ತೇನೆ. ಕಣ್ಣು ಪದವನ್ನು ಹಿಂದೆ ಹೋಗಿ ಬಿಡಿಸಿಕೊಳ್ಳುತ್ತದೆ, ಕಿವಿಗೆ ಆ ಸವಲತ್ತಿಲ್ಲ.

“ಯಾರೋ ಅಜ್ಜ ಕೋಲು ಹಿಡ್ಕೊಂಡು ಹತ್ತುತ್ತಾ ಇದಾರೆ” ಅಂದರು ಅತ್ತಿಗೆ. “ಆಮೇಲೆ ಒಲೆ ಏನನ್ನು ಹಿಡ್ಕೊಂಡಿದೆ ಅಂತ ಗೊತ್ತಾಗ್ಲಿಲ್ಲಪ್ಪ.”

ಎರಡು ಮಾತೂ ಸರಿಯಾಗಿಯೇ ಇದ್ದವು. ‘ಹಿಡಿದು + ಒಲೆ’ ಸೇರಿದರೂ ‘ಹಿಡಿದೊಲೆ’, ‘ಹಿಡಿದ + ಒಲೆ’ ಸೇರಿದರೂ ‘ಹಿಡಿದೊಲೆ’. ಮೊದಲನೆಯದರಲ್ಲಿ ಹಿಡಿದದ್ದು ಬಳ್ಳಿ, ಎರಡನೆಯದರಲ್ಲಿ ಹಿಡಿದದ್ದು ಒಲೆ. ಇವೆರಡನ್ನು ಬೇರೆ ಮಾಡುವುದು ಕೊನೆಯ ಒಂದು ಸ್ವರ, ಲೋಪಸಂಧಿ ನುಂಗುವುದೂ ಅದನ್ನೇ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರದಲ್ಲೇ ‘ಅರ್ಥ ಕೆಡದಿದ್ದ ಪಕ್ಷದಲ್ಲಿ’ ಎಂಬ ಷರತ್ತು ಇದೆ. ನಮಗೆ ನೆನಪಿರುವುದು ‘ಲೋಪವಾಗುತ್ತದೆ’ ಅನ್ನುವುದು ಮಾತ್ರ. ಆಗಮದಲ್ಲಿ ಈ ಭಯವಿಲ್ಲ. ಯಕಾರವೋ ವಕಾರವೋ ನಡುವೆ ಬರುತ್ತದೆ ಹೊರತು ಎರಡು ಕಡೆಯ ಸ್ವರವೂ ಉಳಿಯುತ್ತದೆ. ಆದ್ದರಿಂದ ಲೋಪ ಬಂದ ಕಡೆಯಲ್ಲೆಲ್ಲ ಪದವನ್ನು ಎಷ್ಟು ಬಗೆಯಲ್ಲಿ ಬಿಡಿಸಬಹುದು ಎಂದು ಅಂಚಿನಲ್ಲಿ ಬರೆದು ನೋಡುತ್ತೇನೆ. ‘ಹಂಚಿಂದಿಳಿದ’ ಈ ಪರೀಕ್ಷೆಯಲ್ಲಿ ಪಾಸಾಯಿತು. ಅದನ್ನು ‘ಹಂಚಿಂದ ಇಳಿದ’ ಎಂದಲ್ಲದೆ ಇನ್ನೊಂದು ರೀತಿಯಲ್ಲಿ ಒಡೆಯಲು ಬರುವುದಿಲ್ಲ.

ಅಜ್ಜ ಬಂದದ್ದು ‘ಹಿಡಿದು’ವಿನಿಂದ. ಕೋಲು, ಹಿಡಿದು ಎಂದ ಕೂಡಲೇ ಊರುಗೋಲು ಕಣ್ಣಿಗೆ ಬರುತ್ತದೆ, ‘ಬಳ್ಳಿ’ ಬರುವ ಹೊತ್ತಿಗೆ ತಡವಾಗಿರುತ್ತದೆ. ಹಾಗಂತ ‘ಬಿಸಿಲುಗೋಲು’ವನ್ನು ಬಿಡಿಸಿದರೆ ಮತ್ತೆ ಆ ‘ಹಾಗೆ’ಗೇ ಬಂದು ನಿಲ್ಲುತ್ತೇನೆ. ಬದಲಿಸಬೇಕಿದ್ದದ್ದು ಕ್ರಿಯಾಪದ. ಬಳ್ಳಿಯ ಸ್ವಂತ ಕೆಲಸ ಹಬ್ಬುವುದು. ‘ಕೋಲಿಗೆ ಹಬ್ಬಿ’ ಅಂದರೆ ಅದು ಅವರೆ ಬಳ್ಳಿಗೆ ನೆಟ್ಟ ಕೋಲೇ ಆಗಬೇಕು.

ಗಾಜುಹಂಚಿಂದಿಳಿದ ಬಿಸಿಲುಗೋಲಿಗೆ ಹಬ್ಬಿ
ಒಲೆಯ ಹೊಗೆಬಳ್ಳಿ ಮೇಲೇರುತಿದೆ

‘ಲನು ಹಿಡಿದು’ ಇದ್ದ ಐದು ಮಾತ್ರೆಯಲ್ಲಿ ‘ಲಿಗೆ ಹಬ್ಬಿ’ ಸರಿಯಾಗಿ ಕೂತಿತು. ಸಾಲಿನ ಕೊನೆಯಲ್ಲಿ ‘ಹಬ್ಬಿಯೊಲೆಯ’ ಎಂದು ಸಂಧಿ ಮಾಡಿದ್ದರೂ ಅರ್ಥ ಕೆಡುತ್ತಿರಲಿಲ್ಲ. ಆದರೆ ಸಾಲು ಮುರಿದ ಕಡೆ ಓದುವವರು ಹೇಗೂ ಉಸಿರು ಎಳೆದುಕೊಳ್ಳುತ್ತಾರೆ. ಅಲ್ಲಿ ಸ್ವರದ ಮುಂದೆ ಸ್ವರ ಬಂದರೂ ಎಡವುವುದಿಲ್ಲ. ಎರಡನೆಯ ಸಾಲಿಗೆ ಮೊದಲನೆಯದರಷ್ಟೇ ಉದ್ದ ಬರಲೆಂದು ‘ಮಾಡಿನೆಡೆ’ ಎಂದು ಇನ್ನೊಂದು ಗಣ ಸೇರಿಸಿ ನೋಡಿದ್ದೆ. ಮೇಲೇರುವ ಹೊಗೆ ಇನ್ನೆಲ್ಲಿಗೆ ಹೋದೀತು? ಮೂರು ಗಣಕ್ಕೇ ಬಿಟ್ಟೆ.

ಈ ಸಾಲುಗಳಲ್ಲಿ ಒಂದು ವಿಶೇಷಣವೂ ಇಲ್ಲ, ಅದು ಬೇಕೆಂದೇ ಮಾಡಿದ್ದು. ‘ನೀಲಿ ಹೊಗೆಬಳ್ಳಿ’ ಅಂದರೆ ನೀಲಿ ಯಾವುದು, ಹೊಗೆಯೋ ಬಳ್ಳಿಯೋ? ‘ಒಲೆಯ’ ಅನ್ನುವುದಕ್ಕೆ ಆ ತೊಡಕಿಲ್ಲ. ಒಲೆಯಲ್ಲಿ ಬಳ್ಳಿ ಬೆಳೆಯುವುದಿಲ್ಲವಾದ್ದರಿಂದ ಅದು ತಾನಾಗಿ ಹೊಗೆಗೆ ಹೋಗಿ ಅಂಟುತ್ತದೆ.

ಬಯಲುಸೀಮೆಯ ಗೆಳೆಯನೊಬ್ಬ ಮಾತ್ರ ‘ಗಾಜುಹಂಚು’ ಒಪ್ಪಲಿಲ್ಲ. ಅವನದು ಮಣ್ಣಿನ ಮಾಳಿಗೆ ಮನೆ, ಅಲ್ಲಿ ಬಿಸಿಲು ಇಳಿಯುವುದು ಬೆಳಕಿಂಡಿಯಿಂದ. ‘ಬೆಳಕಿಂಡಿಯಿಂದಿಳಿದ’ ಕೂಡ ಐದು–ಐದರ ಲೆಕ್ಕಕ್ಕೆ ಸರಿಹೋಗುತ್ತದೆ. ಆದರೆ ಬೆಳಕಿನ ಬೆನ್ನಿಗೇ ಬಿಸಿಲು ಬಂದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ ಎಂದು ನಾನು ಬದಲಿಸಲಿಲ್ಲ. ಅವನು ತನ್ನ ಊರಿನಲ್ಲಿ ಓದುವಾಗ ಬೆಳಕಿಂಡಿ ಎಂದೇ ಓದುತ್ತಾನೆ. ಮಾತ್ರೆ ಕೆಡುವುದಿಲ್ಲ, ನನ್ನ ತಕರಾರೂ ಇಲ್ಲ.